ಅನ್‌ಮ್ಯಾಚ್ ಮಾಡಿದ ಕೂಡಲೇ ಚಾಟ್ ಪೂರ್ತಿ ಹೋಗುತ್ತದೆ, ದುಡ್ಡಿನ ಮಾತು ಬಂದರೆ ಮೊದಲು ಇದನ್ನು ಓದಿ

ನಮ್ಮ ಕಾಸರಗೋಡು, ಬದಿಯಡ್ಕ, ಮಂಜೇಶ್ವರ ಕಡೆಯ ಹುಡುಗಿಯರು, ಹುಡುಗರು, ಮಕ್ಕಳಿಗೆ ಸಂಬಂಧ ನೋಡುತ್ತಿರುವ ಅಕ್ಕ ಅಣ್ಣಂದಿರು ಎಲ್ಲರೂ ಓದಿ. ಹೆಸರು ಹಾಕಿಲ್ಲ, ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಬರೆಯಲು ನಾಚಿಕೆ ಆಗುತ್ತದೆ. ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ಡೇಟಿಂಗ್ ಆ್ಯಪಿನಲ್ಲಿ ಸಿಕ್ಕಿದವನು ಪುತ್ತೂರಿನವನು ಎಂದಿದ್ದ. ಕೆಲಸ ಬೆಂಗಳೂರಲ್ಲಿ, ಅಜ್ಜಿ ಮನೆ ಕುಂಬಳೆಯಲ್ಲಿ. ಮಾತು ನಮ್ಮ ಕಡೆಯದೇ, "ಉಂಟು", "ಹೋಗುವಾ" ಎಲ್ಲ ಸರಿಯಾಗಿ ಬರುತ್ತಿತ್ತು. ಸಾಮಾನ್ಯವಾಗಿ ಇಂಥವರು ಬೇಗ ವಾಟ್ಸಾಪ್ ನಂಬರ್ ಕೇಳುತ್ತಾರೆ, ಅಲ್ವಾ? ಇವನು ಕೇಳಲಿಲ್ಲ. ನಾನೇ ಕೇಳಿದಾಗ "ಅದು ಆಫೀಸ್ ಫೋನ್, ಇಲ್ಲೇ ಮಾತಾಡುವ, ಇಲ್ಲಿ ನಿಮಗೂ ಸೇಫ್" ಎಂದ. ಸೇಫ್ ಎಂಬ ಆ ಮಾತು ಈಗ ನೆನಪಾದರೆ ಮೈ ಉರಿಯುತ್ತದೆ. ಯಾಕೆ ಅಲ್ಲೇ ಇರಬೇಕಿತ್ತು ಎಂದು ಈಗ ಗೊತ್ತು. ವಾಟ್ಸಾಪಿನಲ್ಲಿ ಅವನು ಬ್ಲಾಕ್ ಮಾಡಿದರೂ ಮಾತೆಲ್ಲ ನಮ್ಮ ಫೋನಿನಲ್ಲೇ ಉಳಿಯುತ್ತದೆ. ಎಲ್ಲರಿಗೂ ಡಿಲೀಟ್ ಮಾಡಲು ಅವನಿಗೆ ಸಿಗುವುದು ಎರಡೂವರೆ ದಿನ, ಮಾಡಿದರೂ ಅಲ್ಲಿ ಡಿಲೀಟ್ ಆದ ಗುರುತು ಇರುತ್ತದೆ. ಈ ಆ್ಯಪಿನಲ್ಲಿ ಹಾಗಲ್ಲ. ಅವನ ಕಡೆಯಿಂದ ಅನ್‌ಮ್ಯಾಚ್ ಎಂಬ ಒಂದು ಬಟನ್ ಒತ್ತಿದರೆ ನನ್ನ ಕಡೆಯಿಂದಲೂ ಎಲ್ಲ ಹೋಗುತ್ತದೆ. ಫೋಟೋ, ಹೆಸರು, ಮೊದಲ ದಿನದಿಂದ ಆಡಿದ ಮಾತು, ಎಲ್ಲವೂ.

ಆ ರಾತ್ರಿ ಅವನ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದ. ಅಡ್ವಾನ್ಸ್ ಕಟ್ಟಬೇಕು, ಇವತ್ತಿನ ಯುಪಿಐ ಲಿಮಿಟ್ ಮುಗಿದಿದೆ, ಬೆಳಿಗ್ಗೆ ವಾಪಸ್ ಹಾಕುತ್ತೇನೆ ಎಂದ. ನಮ್ಮವರು ಏನೇ ಆದರೂ ಮಂಗಳೂರಿಗೇ ಓಡುವುದಲ್ವಾ, ಅದು ಅವನಿಗೂ ಗೊತ್ತು. ಐಡಿಯನ್ನು ಚಾಟಿನಲ್ಲೇ ಟೈಪ್ ಮಾಡಿ ಕಳಿಸಿದ. ಹಾಕುವಾಗ ಬೇರೆ ಹೆಸರು ತೋರಿಸಿತು. ಕೇಳಿದೆ. "ಚಿಕ್ಕಪ್ಪನ ಅಕೌಂಟ್. ನಂಬಿಕೆ ಇಲ್ಲದಿದ್ದರೆ ಬೇಡ ಬಿಡಿ, ಅಮ್ಮನಿಗೆ ನಾನೇ ಏನಾದ್ರೂ ಮಾಡ್ತೇನೆ" ಎಂದ. ರಾತ್ರಿ 9:12ಕ್ಕೆ 18,500 ರೂಪಾಯಿ ಹೋಯಿತು. "ಬಂತು, ದೇವರು ಒಳ್ಳೇದು ಮಾಡಲಿ" ಎಂದು ಬರೆದ. ಆಮೇಲೆ ಅಮ್ಮ ಹೇಗಿದ್ದಾರೆ ಎಂದು ಕೇಳಲು ಆ್ಯಪ್ ತೆರೆದೆ. ಚಾಟ್ ಪಟ್ಟಿಯಲ್ಲಿ ಅವನ ಸಾಲೇ ಇಲ್ಲ. ನೆಟ್ ಸರಿ ಇಲ್ಲವೇನೋ ಎಂದು ಆ್ಯಪ್ ಮುಚ್ಚಿ ತೆರೆದೆ, ಫೋನ್ ಆಫ್ ಮಾಡಿ ಆನ್ ಮಾಡಿದೆ. ಮೇಲಿನವರು ಇದ್ದಾರೆ, ಕೆಳಗಿನವರು ಇದ್ದಾರೆ, ನಡುವೆ ಅವನಿಲ್ಲ. ಅಮ್ಮ ಪಕ್ಕದಲ್ಲೇ ಕೂತು "ಎಂತ ಆಯ್ತು ಮಗಾ" ಎಂದು ಕೇಳುತ್ತಿದ್ದಾರೆ, ನನಗೆ ಬಾಯಿ ಬರುತ್ತಿಲ್ಲ.

ಆ್ಯಪಿನವರಿಗೆ ಬರೆದೆ. ಅವರ ಉತ್ತರ: "ಗೌಪ್ಯತೆಯ ಕಾರಣಕ್ಕೆ ಇನ್ನೊಬ್ಬ ಬಳಕೆದಾರರ ಮಾಹಿತಿ ಕೊಡಲಾಗುವುದಿಲ್ಲ." ಮಾಹಿತಿ ಬೇಡ, ನಾನು ಆಡಿದ ಮಾತು, ನನಗೆ ಆಡಿದ ಮಾತು ಕೊಡಿ ಎಂದೆ. ಮತ್ತೆ ಅದೇ ಉತ್ತರ. ಕೊನೆಗೆ "ಪೊಲೀಸರಿಂದ ಮನವಿ ಬಂದರೆ ಸಹಕರಿಸುತ್ತೇವೆ" ಎಂದರು. ಅಂದರೆ ಅವರ ಹತ್ತಿರ ಏನೋ ಉಳಿದಿದೆ, ನನಗೆ ಮಾತ್ರ ಇಲ್ಲ!

ಸ್ಟೇಷನ್ನಿಗೆ ಹೋದರೆ ಮೊದಲ ಪ್ರಶ್ನೆಯೇ "ಚಾಟ್ ಎವಿಡೆ?" ಇಲ್ಲ ಸಾರ್, ಅವನು ಅನ್‌ಮ್ಯಾಚ್ ಮಾಡಿದ ಎಂದೆ. "ಹಾಗಾದರೆ ಅವನು ಕೇಳಿದ್ದಕ್ಕೇ ಕೊಟ್ಟದ್ದು ಎಂದು ಹೇಗೆ ಗೊತ್ತಾಗಬೇಕು? ನೀವೇ ಇಷ್ಟಪಟ್ಟು ಕಳಿಸಿದ್ದಿರಬಹುದಲ್ಲ?" ಎಂದರು. ಸುತ್ತ ಜನ ಇದ್ದರು. ನಾನು ಕೇಳಿಸಿಕೊಂಡು ನಿಂತೆ.

ಹಾಗಾಗಿ ಏನೆಲ್ಲ ಸಿಗುತ್ತದೆ ಎಂದು ನಾನೇ ಹುಡುಕಿದೆ. ಆ್ಯಂಡ್ರಾಯ್ಡ್ 11ರಿಂದ ಸೆಟ್ಟಿಂಗ್ಸಿನ ನೋಟಿಫಿಕೇಶನ್ ಒಳಗೆ ನೋಟಿಫಿಕೇಶನ್ ಹಿಸ್ಟರಿ ಎಂದು ಒಂದಿದೆ. ಬಂದ ಮೆಸೇಜಿನ ತುಣುಕು ಅಲ್ಲಿ 24 ಗಂಟೆ ಉಳಿಯುತ್ತದೆ. ಆದರೆ ಅದು ಮೊದಲೇ ಆನ್ ಆಗಿರಬೇಕು, ಆಮೇಲೆ ಆನ್ ಮಾಡಿದರೆ ಹಳೆಯದು ಬರುವುದಿಲ್ಲ. ನನ್ನದು ಆನ್ ಇರಲಿಲ್ಲ. ಈಗಲೇ ನಿಮ್ಮ ಫೋನಿನಲ್ಲಿ ನೋಡಿ. ಇಮೇಲಿನಲ್ಲೂ ಹುಡುಕಿ, ಮೆಸೇಜ್ ಬಂದಿದೆ ಎಂದು ಕೆಲವು ಆ್ಯಪುಗಳು ಮೇಲ್ ಕಳಿಸುತ್ತವೆ, ಅದು ಅನ್‌ಮ್ಯಾಚ್ ಮಾಡಿದರೂ ಹೋಗುವುದಿಲ್ಲ.

ನನಗೆ ಕೈಗೆ ಸಿಕ್ಕಿದ್ದು ಡೇಟಾ ಡೌನ್‌ಲೋಡ್. ಅಕೌಂಟ್ ಸೆಟ್ಟಿಂಗಿನಲ್ಲಿ ನನ್ನ ಡೇಟಾ ಕೊಡಿ ಎಂದು ಕೇಳಬಹುದು, ಫೈಲಿನ ಲಿಂಕ್ ಮೇಲಿಗೆ ಬರುತ್ತದೆ. ಎಷ್ಟು ಆಸೆಯಿಂದ ತೆರೆದೆ! ಅದರಲ್ಲಿ ಇದ್ದದ್ದು ನಾನು ಕಳಿಸಿದ್ದು ಮಾತ್ರ. ಅವನ ಒಂದು ಸಾಲೂ ಇಲ್ಲ, ಹೆಸರೂ ಇಲ್ಲ, ಮ್ಯಾಚಿಗೆ ಒಂದು ನಂಬರ್ ಅಷ್ಟೇ. ನನ್ನದೇ ಮಾತು ಹುಡುಕಿ, "ಕುಂಬಳೆಯಲ್ಲಿ ಎಲ್ಲಿ?" ಎಂದು ಕೇಳಿದ ಸಾಲಿನಿಂದ ಅವನ ನಂಬರ್ ಯಾವುದು ಎಂದು ಗುರುತು ಹಿಡಿದೆ. ಇನ್ನೊಂದು ಗೊಂದಲ. ಹಣ ಹೋಗಿದ್ದು ರಾತ್ರಿ 9:12ಕ್ಕೆ, ಆದರೆ ಫೈಲಿನಲ್ಲಿ "ಹಾಕಿದೆ, ನೋಡಿ" ಎಂಬ ನನ್ನ ಮೆಸೇಜಿನ ಸಮಯ ಮಧ್ಯಾಹ್ನ 15:43. ದುಡ್ಡು ಹೋಗುವ ಮೊದಲೇ ಹಾಕಿದೆ ಎಂದು ಬರೆದ ಹಾಗೆ ಕಾಣುತ್ತದೆ. ಅದು ಜಿಎಂಟಿ ಸಮಯ. ಐದೂವರೆ ಗಂಟೆ ಕೂಡಿಸಿದರೆ 9:13 ಆಗುತ್ತದೆ, ಸರಿಯಾಗಿ ಹೊಂದುತ್ತದೆ. ಇದನ್ನು ಬರೆದು ಕೊಡದಿದ್ದರೆ ನಾವೇ ಸುಳ್ಳು ಹೇಳಿದ ಹಾಗೆ ಆಗುತ್ತಿತ್ತು. "ಬೇರೆ ಹೆಸರು ತೋರಿಸ್ತಿದೆ, ಇದು ಯಾರ ಅಕೌಂಟ್?" ಎಂದು ನಾನು ಕೇಳಿದ್ದೂ ಫೈಲಿನಲ್ಲಿದೆ. ಅವನ ಉತ್ತರ ಇಲ್ಲದಿದ್ದರೂ ಅವನು ಕೇಳಿದ್ದಕ್ಕೇ ಕೊಟ್ಟದ್ದು ಎಂದು ಅದರಿಂದ ಗೊತ್ತಾಗುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್, ಯುಟಿಆರ್ ನಂಬರ್ ಜೊತೆ ಇದನ್ನು ಇಟ್ಟ ಮೇಲೆ ದೂರು ತೆಗೆದುಕೊಂಡರು.

ಅವನ ಮಾತು ಬೇಕಾದರೆ ಪೊಲೀಸರೇ ಕಂಪನಿಗೆ ಬರೆಯಬೇಕು. ಪೊಲೀಸ್ ತನಿಖೆಯ ಕ್ರಮ ಹೇಳುವ ಬಿಎನ್‌ಎಸ್‌ಎಸ್ ಕಾನೂನಿನ 94ನೇ ಸೆಕ್ಷನ್ ಪ್ರಕಾರ ಅವರು ದಾಖಲೆ ತರಿಸಿಕೊಳ್ಳಬಹುದು. ಹಾಗಂತ ನಿಧಾನ ಮಾಡಬೇಡಿ. ಒಬ್ಬ ಅಕೌಂಟ್ ಅಳಿಸಿದರೂ ನೋಂದಣಿಗೆ ಕೊಟ್ಟ ಮಾಹಿತಿಯನ್ನು 180 ದಿನ ಇಟ್ಟಿರಬೇಕು ಎಂದು 2021ರ ಐಟಿ ನಿಯಮದಲ್ಲಿ ಇದೆ. ಅದು ನೋಂದಣಿಯ ಮಾತು, ಚಾಟಿನದ್ದಲ್ಲ. ಚಾಟ್ ಎಷ್ಟು ದಿನ ಇರುತ್ತದೆ ಎಂಬುದು ಆಯಾ ಕಂಪನಿಯ ಪಾಲಿಸಿ.

ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ಹಾಕಿ. ಸಿಟ್ಟಿನಲ್ಲಿ ನಿಮ್ಮ ಅಕೌಂಟ್ ಡಿಲೀಟ್ ಮಾಡಬೇಡಿ, ಡೇಟಾ ಕೇಳುವ ದಾರಿಯೇ ಮುಚ್ಚುತ್ತದೆ. ಆ್ಯಪಿನ ಗ್ರೀವನ್ಸ್ ಆಫೀಸರಿಗೆ ದೂರು ಬರೆದು "ಈ ಸಂಭಾಷಣೆ ಅಳಿಸಬೇಡಿ, ಪೊಲೀಸರು ಕೇಳುತ್ತಾರೆ" ಎಂದು ತಾರೀಕು ಹಾಕಿ ಕೇಳಿ. 24 ಗಂಟೆಯೊಳಗೆ ದೂರು ಬಂತು ಎಂದು ಅವರು ತಿಳಿಸಬೇಕು, 7 ದಿನದೊಳಗೆ ಇತ್ಯರ್ಥ ಮಾಡಬೇಕು. ಕೆಲವು ಆ್ಯಪಿನಲ್ಲಿ ಅನ್‌ಮ್ಯಾಚ್ ಮಾಡಿ ಹೋದವನ ಮೇಲೂ ರಿಪೋರ್ಟ್ ಮಾಡುವ ದಾರಿ ಇದೆ, ಹೆಲ್ಪ್ ಪೇಜಿನಲ್ಲಿ ಹುಡುಕಿ.

ಇನ್ನೂ ಚಾಟ್ ನಡೆಯುತ್ತಿರುವವರು, ದುಡ್ಡಿನ ಮಾತು ಬಂದ ಕೂಡಲೇ, ಉತ್ತರ ಕೊಡುವ ಮೊದಲೇ, ಸ್ಕ್ರೀನ್ ರೆಕಾರ್ಡ್ ಹಾಕಿ ಅವನ ಪ್ರೊಫೈಲ್ ತೆರೆದು, ಚಾಟಿನ ಮೇಲಿನಿಂದ ಕೆಳಗಿನ ತನಕ ನಿಧಾನಕ್ಕೆ ಸರಿಸಿ. ಅವನು ಕೊಟ್ಟ ಐಡಿಯೂ ಅದರಲ್ಲಿ ಬರಲಿ. ಅದನ್ನು ಬೇರೆಯವರ ಫೋನಿಗೂ ಕಳಿಸಿ ಇಡಿ. ನನ್ನ ದೂರಿನ ಮೇಲೆ ಕಂಪನಿಗೆ ಪತ್ರ ಹೋಗಿದೆ ಎಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ದುಡ್ಡೂ ಬಂದಿಲ್ಲ.