ಪುನರ್ಪುಳಿ ಶರಬತ್ತಿಗೆ ಎರಡು ಜಾಹೀರಾತು: ಗ್ರಾಹಕಿ ತಾವಾಗಿ ಕಳಿಸಿದ ವಿಡಿಯೊ, ಬಾಟಲಿ ಕೊಟ್ಟು ಮಾಡಿಸಿದ ವಿಡಿಯೊ

ಉಡುಪಿಯ ನಮ್ಮ ಮನೆಯಲ್ಲಿ ತಯಾರಾಗುವ ಪುನರ್ಪುಳಿ ಶರಬತ್ತಿಗಾಗಿ ಈ ಬೇಸಿಗೆಯಲ್ಲಿ ಎರಡು ವಿಡಿಯೊಗಳನ್ನು, ದಿನಕ್ಕೆ ತಲಾ 300 ರೂಪಾಯಿಯಂತೆ ಹತ್ತು ದಿನ, ಇನ್‌ಸ್ಟಾಗ್ರಾಂನಲ್ಲಿ ಒಂದೇ ವರ್ಗದ ವೀಕ್ಷಕರಿಗೆ ತೋರಿಸಿದೆ. ಒಂದನ್ನು ಮಣಿಪಾಲದ ಗ್ರಾಹಕಿಯೊಬ್ಬರು ತಾವಾಗಿಯೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಇನ್ನೊಂದನ್ನು ಮಂಗಳೂರಿನ ಯುವಕರೊಬ್ಬರಿಗೆ ಆರು ಬಾಟಲಿ ಉಚಿತವಾಗಿ ಕೊಟ್ಟು ಮಾಡಿಸಿದ್ದೆ.

ಎರಡನೆಯದರ ಚಿತ್ರೀಕರಣ ಸೊಗಸಾಗಿದ್ದರೂ ಹೆಚ್ಚು ವಿಚಾರಣೆ ಬಂದದ್ದು ಮೊದಲನೆಯದಕ್ಕೆ. ಅಡುಗೆಮನೆಯ ಮಂದ ಬೆಳಕಿನಲ್ಲಿ ಸ್ಟೀಲ್ ಲೋಟಕ್ಕೆ ಶರಬತ್ತು ಸುರಿಯುತ್ತಾ ಆಕೆ, "ಸಿಹಿ ಸ್ವಲ್ಪ ಜಾಸ್ತಿ, ನಾನು ನೀರು ಹೆಚ್ಚು ಹಾಕುತ್ತೇನೆ" ಎನ್ನುತ್ತಾರೆ. ಆ ಕೊರತೆಯ ಮಾತೇ ನೋಡುವವರಲ್ಲಿ ನಂಬಿಕೆ ಹುಟ್ಟಿಸಿತೆಂದು ನನ್ನ ಅನಿಸಿಕೆ. ಸಂದೇಶ ಕಳಿಸಿದ ಹಲವರು ಸಕ್ಕರೆಯ ಬಗ್ಗೆಯೇ ಕೇಳಿದ್ದರು.

ಆದರೆ ಅದೇ ವಿಡಿಯೊದಲ್ಲಿ "ಒಂದು ವಾರ ಕುಡಿದೆ, ಅಸಿಡಿಟಿ ಪೂರ್ತಿ ಗುಣವಾಯಿತು" ಎಂಬ ಮಾತೂ ಇತ್ತು. ಆಕೆ ಹೇಳಿದ್ದು ಪ್ರಾಮಾಣಿಕವಾಗಿಯೇ ಇರಬಹುದು. ಆದರೂ ನಾವು ಹಣ ಕೊಟ್ಟು ಅದನ್ನು ಪ್ರಚಾರ ಮಾಡಿದ ಕ್ಷಣದಿಂದ ಅದು ನಮ್ಮ ಹೇಳಿಕೆಯಾಗುತ್ತದೆ. ಆಹಾರ ಪದಾರ್ಥ ರೋಗವನ್ನು ಗುಣಪಡಿಸುತ್ತದೆ ಎಂಬ ಪ್ರಚಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳಲ್ಲಿ ಅವಕಾಶವಿಲ್ಲ. "ಇದು ಗ್ರಾಹಕರ ವೈಯಕ್ತಿಕ ಅಭಿಪ್ರಾಯ" ಎಂದು ಕೆಳಗೆ ಬರೆದರೆ ಆ ದೋಷ ಹೋಗುವುದಿಲ್ಲವಾದ್ದರಿಂದ ಆ ಮಾತನ್ನು ತೆಗೆದೆ. ಸಿಹಿಯ ಮಾತನ್ನು ಮಾತ್ರ ಉಳಿಸಿಕೊಂಡೆ, ಏಕೆಂದರೆ ಅದನ್ನೂ ಕತ್ತರಿಸಿದ್ದರೆ ಆಕೆಯ ಅಭಿಪ್ರಾಯವೇ ಬದಲಾಗಿಬಿಡುತ್ತಿತ್ತು. ತಿದ್ದಿದ ಪ್ರತಿಯನ್ನು ಆಕೆಗೆ ಕಳಿಸಿ, ಜಾಹೀರಾತಿಗೆ ಬಳಸಲು ಬರಹದಲ್ಲಿ ಒಪ್ಪಿಗೆ ಪಡೆದೆ.

ಯುವಕರ ವಿಡಿಯೊದ ತೊಡಕು ಬೇರೆ. ಬಾಟಲಿ ಕೈಸೇರಿ ಒಂದು ವಾರವಷ್ಟೇ ಆಗಿದ್ದರೂ ಅವರು "ವರ್ಷಗಳಿಂದ ಕುಡಿಯುತ್ತಿದ್ದೇನೆ" ಎಂದಿದ್ದರು. ಶಿಫಾರಸು ಮಾಡುವವರ ಮಾತು ಅವರ ನಿಜವಾದ ಅಭಿಪ್ರಾಯವಾಗಿದ್ದು, ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿಗೇ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆ ಭಾಗವನ್ನು ಮತ್ತೆ ಚಿತ್ರಿಸಿಕೊಡಲು ಕೇಳಿಕೊಂಡೆ, ಅವರು ಒಪ್ಪಿದರು.

ಉಚಿತವಾಗಿ ಪಡೆದದ್ದೆಂಬ ಸೂಚನೆಯನ್ನೂ ಅವರು ವಿವರಣೆಯ ಕೊನೆಯಲ್ಲಿ, ಹ್ಯಾಶ್‌ಟ್ಯಾಗ್‌ಗಳ ನಡುವೆ ಸೇರಿಸಿದ್ದರು. ಅದು ವಿಡಿಯೊದ ಮೇಲೆಯೇ ಕಾಣಬೇಕು. ಜಾಹೀರಾತು ಮಾನದಂಡ ಮಂಡಳಿಯಾದ ಆಸ್ಕಿಯ 2021ರ ಮಾರ್ಗಸೂಚಿಯ ಪ್ರಕಾರ, 15 ಸೆಕೆಂಡಿಗಿಂತ ಉದ್ದ ಮತ್ತು 2 ನಿಮಿಷಕ್ಕಿಂತ ಚಿಕ್ಕ ವಿಡಿಯೊದಲ್ಲಿ ಸೂಚನೆಯು ಮೂರನೇ ಒಂದು ಭಾಗದಷ್ಟು ಹೊತ್ತು ಇರಬೇಕು. ನಮ್ಮದು 45 ಸೆಕೆಂಡಿನದ್ದಾದ್ದರಿಂದ "ಜಾಹೀರಾತು" ಎಂಬ ಪದವನ್ನು 15 ಸೆಕೆಂಡು ಇಟ್ಟೆವು.

ಮುಂದಿನ ಬೇಸಿಗೆಗೂ ನಾನು ಗ್ರಾಹಕರ ವಿಡಿಯೊವನ್ನೇ ಆರಿಸುತ್ತೇನೆ. ಒಪ್ಪಿಗೆಗೆ ಪ್ರತಿಯಾಗಿ ಅವರಿಗೆ ಒಂದು ಬಾಟಲಿ ಕೊಡುವುದಾದರೂ, ಅಂಥ ವಿಡಿಯೊದ ಮೇಲೆಯೂ ಅದೇ ಸೂಚನೆಯನ್ನು ಹಾಕುತ್ತೇನೆ.