ಟ್ಯೂಬಿನ ಬಾಯಿ ದೊಡ್ಡದು, ತಿಂಗಳ ದುಡ್ಡು ಚಿಕ್ಕದು: ಮೊಡವೆ ಮುಖಕ್ಕೆ ಒಂದು ಫೇಸ್‌ವಾಶ್

ವರ್ಷದ ಮೇಲಾಯಿತು, ಒಂದೇ ಫೇಸ್‌ವಾಶ್ ಬಳಸುತ್ತಿದ್ದೇನೆ. ಒಂದು ಪರ್ಸೆಂಟ್ ಸ್ಯಾಲಿಸಿಲಿಕ್ ಆಸಿಡ್ ಇರುವ ಜೆಲ್, 100 ಎಂ.ಎಲ್. ಟ್ಯೂಬು, ನನಗೆ ಬೀಳುವ ಬೆಲೆ 195 ರೂಪಾಯಿ. ಕಂಪನಿ ಹೆಸರು ಬರೆಯುವುದಿಲ್ಲ. ಬೈಯುವುದಿದೆ, ಜೊತೆಗೆ ಇದೇ ಸರಕು ಹತ್ತಾರು ಹೆಸರಲ್ಲಿ ಹಾಸನದ ಎಲ್ಲ ಮೆಡಿಕಲ್ ಶಾಪಿನಲ್ಲೂ ಕೂತಿದೆ.

ಬೈಗುಳ ಮೊದಲೇ ಮುಗಿಸಿಬಿಡುತ್ತೇನೆ. ಈ ಟ್ಯೂಬಿನ ಬಾಯಿ ಯಾರು ಮಾಡಿದರೋ, ಅವರು ತಮ್ಮ ದುಡ್ಡಲ್ಲಿ ಫೇಸ್‌ವಾಶ್ ಕೊಂಡವರಲ್ಲ. ಜೆಲ್ ನೀರು ನೀರಾಗಿದೆ, ತೂತು ಅಗಲವಾಗಿದೆ. ಮುಚ್ಚಳ ತೆಗೆದು ತಲೆಕೆಳಗೆ ಮಾಡಿದರೆ ಸಾಕು, ಒತ್ತುವ ಮೊದಲೇ ಅಂಗೈ ತುಂಬ ಬಂದಿರುತ್ತದೆ. ಬಂದದ್ದು ವಾಪಸ್ ಹೋಗುವುದಿಲ್ಲ. ಮುಖಕ್ಕೆ ಬೇಕಾದ್ದರ ಮೂರು ಪಟ್ಟು ಹಚ್ಚಿಕೊಂಡು ಮೋರಿಗೆ ಬಿಡಬೇಕು.

ಎಷ್ಟು ಹೋಗುತ್ತಿದೆ ನೋಡೋಣ ಎಂದು ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ ಸಿರಿಂಜ್ ತಂದು ಅಳೆದೆ. ಸುಮ್ಮನೆ ಬಾಗಿಸಿದಾಗ ಬೀಳುವುದು ಸುಮಾರು ಒಂದೂವರೆ ಎಂ.ಎಲ್. ನನ್ನ ಮುಖಕ್ಕೆ ಅರ್ಧ ಎಂ.ಎಲ್. ಧಾರಾಳ, ದೊಡ್ಡ ಬಟಾಣಿ ಕಾಳಿನಷ್ಟು. ದಿನಕ್ಕೆ ಎರಡು ಸಲ ಒಂದೂವರೆಯಂತೆ ಹೋದರೆ ಟ್ಯೂಬು 33 ದಿನಕ್ಕೆ ಖಾಲಿ, ತಿಂಗಳಿಗೆ 175 ರೂಪಾಯಿ. ಅರ್ಧದಂತೆ ಹೋದರೆ 100 ದಿನ, ತಿಂಗಳಿಗೆ 59 ರೂಪಾಯಿ. ಮನೆಯಿಂದ ಬರುವ ದುಡ್ಡಿನಲ್ಲಿ ಮುಖಕ್ಕೆಂದು ನಾನು ಎತ್ತಿಡುವುದು 150. ಮೊದಲನೆಯ ಲೆಕ್ಕದಲ್ಲಿ ಫೇಸ್‌ವಾಶಿಗೇ ಸಾಲ ಮಾಡಬೇಕು. ಎರಡನೆಯದರಲ್ಲಿ ಮಾಯಿಶ್ಚರೈಸರಿಗೂ ಉಳಿಯುತ್ತದೆ. ಈಗ ಆ ಸಿರಿಂಜೇ ನನ್ನ ಚಮಚ. ರೂಮಿನ ಅಕ್ಕ ನೋಡಿ, 'ಮುಖ ತೊಳೀತೀಯೋ, ಮುಖಕ್ಕೆ ಇಂಜೆಕ್ಷನ್ ಮಾಡ್ಕೋತೀಯೋ' ಅಂತಾಳೆ. ಅನ್ನಲಿ. ಅವಳ ಟ್ಯೂಬು ತಿಂಗಳ ಕೊನೆಗೆ ಖಾಲಿಯಾದಾಗ ನನ್ನ ಸಿರಿಂಜಿನ ಹತ್ತಿರವೇ ಬರುತ್ತಾಳೆ.

ಈಗ ಇದನ್ನೇ ಯಾಕೆ ಆರಿಸಿದೆ ಅನ್ನುವುದಕ್ಕೆ ಬರುತ್ತೇನೆ. ನನ್ನದು ಹತ್ತನೇ ಕ್ಲಾಸಿನಿಂದಲೂ ಎಣ್ಣೆ ಮುಖ. ಮೂಗಿನ ಮೇಲೆ ಬ್ಲ್ಯಾಕ್‌ಹೆಡ್, ಹಣೆ ತುಂಬ ಚರ್ಮದ ಬಣ್ಣದ್ದೇ ಸಣ್ಣ ಗುಳ್ಳೆ, ನಡುನಡುವೆ ಕೆಂಪಗೆ ಒಂದೊಂದು. ರಂಧ್ರದೊಳಗೆ ಎಣ್ಣೆ ಮತ್ತು ಸತ್ತ ಚರ್ಮ ಸೇರಿ ಬಿರಡೆ ಹಾಕಿದಂತಾದಾಗ ಈ ಸಣ್ಣ ಗುಳ್ಳೆಗಳಾಗುತ್ತವೆ. ಸ್ಯಾಲಿಸಿಲಿಕ್ ಆಸಿಡ್ ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಅಲ್ಲಿಯವರೆಗೂ ಇಳಿದು ಬಿರಡೆಯನ್ನು ಸಡಿಲ ಮಾಡುತ್ತದೆ. ಕೀವು ತುಂಬಿದ ಕೆಂಪು ಮೊಡವೆಯೇ ಹೆಚ್ಚಿದ್ದರೆ ಬೆನ್ಜಾಯಿಲ್ ಪೆರಾಕ್ಸೈಡ್ ಇರುವ ವಾಶ್ ಉತ್ತಮ, ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆದರೆ ಅದು ತಗುಲಿದ ಟವೆಲು, ದಿಂಬಿನ ಕವರಿನ ಬಣ್ಣ ಹೋಗುತ್ತದೆ. ಪಿಜಿಯಲ್ಲಿ ನಾಲ್ಕು ಜನರ ಬಟ್ಟೆ ಒಂದೇ ಹಗ್ಗದ ಮೇಲೆ ಇರುವಾಗ ಅಷ್ಟು ಧೈರ್ಯ ನನಗಿರಲಿಲ್ಲ.

ಅಂಗಡಿಯಲ್ಲಿ ನಾನು ಟ್ಯೂಬಿನ ಮುಂಭಾಗ ನೋಡುವುದಿಲ್ಲ. ಬೇವಿನ ಎಲೆ, ಇದ್ದಿಲು, ನಿಂಬೆಹಣ್ಣು ಎಲ್ಲ ಮುಂದೆಯೇ ಇರುತ್ತವೆ. ಹಿಂದಿನ ಪಟ್ಟಿಯಲ್ಲಿ ಹೆಚ್ಚು ಇರುವ ವಸ್ತು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ರೂಮಿನ ಅಕ್ಕನ ಬೇವಿನ ಫೇಸ್‌ವಾಶಿನಲ್ಲಿ ಬೇವಿನ ಹೆಸರು ಸುಗಂಧಕ್ಕಿಂತಲೂ ಆಮೇಲೆ ಬರುತ್ತದೆ. ಅದರಿಂದ ಕೆಡುಕೇನೂ ಇಲ್ಲ, ಮುಖ ತೊಳೆಯುತ್ತದೆ, ಆದರೆ ಮೊಡವೆಗೆಂದು ಕೊಟ್ಟ ದುಡ್ಡು ಎಲೆಯ ಚಿತ್ರಕ್ಕೆ ಹೋಯಿತು. ಆಸಿಡ್ ಎಷ್ಟು ಪರ್ಸೆಂಟ್ ಎಂದು ಅಂಕಿಯಲ್ಲಿ ಬರೆದಿರುವುದನ್ನೇ ಕೊಳ್ಳಿ. ಎಂ.ಆರ್.ಪಿ. ಹತ್ತಿರ ಒಂದು ಎಂ.ಎಲ್.ಗೆ ಅಥವಾ ಒಂದು ಗ್ರಾಮಿಗೆ ಎಷ್ಟು ಅಂತಲೂ ಸಣ್ಣಗೆ ಮುದ್ರಿಸಿರುತ್ತಾರೆ, ಹೋಲಿಸುವುದಿದ್ದರೆ ಅದನ್ನು ಹೋಲಿಸಿ. ಚಿಕ್ಕ ಟ್ಯೂಬು ಕಡಿಮೆ ಬೆಲೆಯದೆಂದು ಕಂಡರೂ ಎಂ.ಎಲ್. ಲೆಕ್ಕದಲ್ಲಿ ಸಾಮಾನ್ಯವಾಗಿ ಅದೇ ದುಬಾರಿ. ಹರಳು ಹರಳಾಗಿ ಉಜ್ಜುವ ಸ್ಕ್ರಬ್ ಮಾತ್ರ ಬಿಟ್ಟಿ ಕೊಟ್ಟರೂ ಬೇಡ, ಗುಳ್ಳೆ ಒಡೆದು ಕಲೆ ಉಳಿಯುತ್ತದೆ.

ಇದರಲ್ಲಿ ನಿರೀಕ್ಷಿಸದೆ ಸಿಕ್ಕ ಖುಷಿಯೆಂದರೆ ನೊರೆ. ನಮ್ಮೂರು ಸಕಲೇಶಪುರದ ಕಡೆ, ಮನೆಗೆ ಬರುವುದು ಒರತೆಯ ಮೆದು ನೀರು. ಹಾಸನದ ಪಿಜಿಯಲ್ಲಿ ಬೋರ್ ನೀರು, ಬಕೆಟ್ಟಿನ ಅಂಚಿಗೆಲ್ಲ ಬಿಳಿ ಪಟ್ಟಿ ಕಟ್ಟಿರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿದರೆ ಕರಗದ ಗಸಿಯಾಗುತ್ತದೆ. ಸ್ನಾನದ ಸೋಪಿನಲ್ಲಿ ಮುಖ ತೊಳೆದರೆ ಅದು ಚರ್ಮದ ಮೇಲೂ ಉಳಿದು, ಎಷ್ಟು ನೀರು ಹಾಕಿದರೂ ಜಿಗುಟು ಹೋಗುವುದಿಲ್ಲ. ಮೇಲಾಗಿ ಸೋಪು ಕ್ಷಾರ, ಪಿ.ಎಚ್. ಒಂಬತ್ತು ಹತ್ತರ ಆಸುಪಾಸು. ಚರ್ಮದ್ದು ಐದರ ಹತ್ತಿರ. ಈ ಜೆಲ್ ಸೋಪಲ್ಲ, ಬೇರೆ ಬಗೆಯ ತೊಳೆಯುವ ವಸ್ತುಗಳಿಂದ ಮಾಡಿದ್ದು, ಹಾಗಾಗಿ ಬೋರ್ ನೀರಿನಲ್ಲೂ ಗಸಿ ಕಟ್ಟುವುದಿಲ್ಲ. ನೊರೆ ಸ್ವಲ್ಪವೇ, ಊರಲ್ಲೂ ಇಲ್ಲೂ ಒಂದೇ ತರ. ಎರಡೇ ಚೊಂಬು ನೀರಿಗೆ ಮುಖ ಹಗುರವಾಗುತ್ತದೆ. ಪಿಜಿಯಲ್ಲಿ ಬೆಳಿಗ್ಗೆ ಏಳರ ನಂತರ ನೀರು ನಿಲ್ಲುತ್ತದೆಂದು ಗೊತ್ತಿರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ರಾತ್ರಿ ಊಟ ಆದ ಮೇಲೆ ನನ್ನ ಪೂಜೆ. ಮೊದಲು ಕೈ ತೊಳೆದು, ತಣ್ಣೀರಲ್ಲಿ ಮುಖ ಒದ್ದೆ ಮಾಡಿ, ಅರ್ಧ ಎಂ.ಎಲ್. ಅಂಗೈಯಲ್ಲೇ ನೊರೆ ಮಾಡಿಕೊಂಡು ಹಣೆ, ಮೂಗು, ಗದ್ದಕ್ಕೆ ಮೊದಲು, ಕೆನ್ನೆಗೆ ಕೊನೆಗೆ. ಬೆರಳ ತುದಿಯಲ್ಲಿ ತಿರುಗಿಸುತ್ತಾ ಮನಸ್ಸಲ್ಲೇ ಅರವತ್ತು ಎಣಿಸುತ್ತೇನೆ. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ಆಸಿಡ್ಡಿಗೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ, ನೀರಿನ ಜೊತೆ ಹೋಗುವ ವಸ್ತು ಅದು. ಆಮೇಲೆ ಕೂದಲ ಅಂಚು, ಕಿವಿ ಪಕ್ಕ, ದವಡೆ ಕೆಳಗೆ ಚೆನ್ನಾಗಿ ತೊಳೆದು, ಹಳೆ ಪಂಚೆ ಹರಿದು ಮಾಡಿಕೊಂಡ ತುಂಡಿನಲ್ಲಿ ಒತ್ತಿ ಒರೆಸುವುದು. ಆ ತುಂಡು ಮುಖಕ್ಕೆ ಮಾತ್ರ.

ಫಲ ಕಾಣುವುದಕ್ಕೆ ಎರಡು ತಿಂಗಳು ಬೇಕು, ಹತ್ತು ದಿನಕ್ಕೆ ಬ್ರ್ಯಾಂಡ್ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತೇ ಆಗುವುದಿಲ್ಲ. ನನಗೆ ಮೂಗು ಮೊದಲು ತಿಳಿಯಾಯಿತು. ಹಣೆ ಮಾತ್ರ ಜಗ್ಗಲಿಲ್ಲ. ಅದಕ್ಕೆ ಕಾರಣ ಟ್ಯೂಬಿನಲ್ಲಿರಲಿಲ್ಲ, ತಲೆಯಲ್ಲಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಹಾಕಿ ಮಲಗಿದರೆ ಎಣ್ಣೆ ಹಣೆಗೂ ದಿಂಬಿಗೂ ಇಳಿದು ರಂಧ್ರ ಮುಚ್ಚುತ್ತದೆ. ಗುಳ್ಳೆ ಕೂದಲ ಅಂಚಿನುದ್ದಕ್ಕೂ ಸಾಲಾಗಿದ್ದರೆ ಎಣ್ಣೆಯ ಮೇಲೆ ಅನುಮಾನ ಪಡಬಹುದು. ಎಣ್ಣೆ ಬಿಡು ಅಂದರೆ ಅಜ್ಜಿ ಮನೆಗೆ ಸೇರಿಸುವುದಿಲ್ಲ, ಅದಕ್ಕೆ ಭಾನುವಾರ ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ, ತಲೆ ತೊಳೆದ ಮೇಲೆ ಎಲ್ಲಕ್ಕಿಂತ ಕೊನೆಗೆ ಮುಖ ತೊಳೆಯುತ್ತೇನೆ. ಇಷ್ಟಕ್ಕೇ ಹಣೆಯ ಗುಳ್ಳೆ ಅರ್ಧಕ್ಕೆ ಇಳಿಯಿತು. ಒಂದೇ ಗಾತ್ರದ ಗುಳ್ಳೆಗಳು ಹಣೆ ತುಂಬ ಎದ್ದು ತುರಿಸುತ್ತಿದ್ದರೆ, ಜೊತೆಗೆ ತಲೆಹೊಟ್ಟೂ ಇದ್ದರೆ ಅದು ಫಂಗಸ್ಸಿನಿಂದ ಆಗಿರಬಹುದು, ಈ ಆಸಿಡ್ ಅದನ್ನು ಗುಣ ಮಾಡುವುದಿಲ್ಲ.

ಡಿಸೆಂಬರ್ ಬಂತು, ನಮ್ಮಿಬ್ಬರ ಸ್ನೇಹ ಕೆಟ್ಟಿತು. ಚಳಿಗಾಳಿಗೆ ಮೂಗಿನ ಪಕ್ಕ, ತುಟಿಯ ಮೂಲೆ ಪೊರೆ ಏಳತೊಡಗಿತು, ಮಾಯಿಶ್ಚರೈಸರ್ ಹಚ್ಚಿದರೆ ಉರಿ. ಲೇಬಲ್ಲಿನ ಮೇಲೆ 'ದಿನಕ್ಕೆ ಎರಡು ಬಾರಿ' ಎಂದಷ್ಟೇ ಇದೆ. ಯಾವ ಊರಿಗೆ, ಯಾವ ತಿಂಗಳಿಗೆ ಅಂತ ಒಂದು ಸಾಲಿಲ್ಲ. ತೊಳೆದು ಐದು ನಿಮಿಷಕ್ಕೆ ನಕ್ಕರೆ ಕೆನ್ನೆ ಬಿಗಿದಂತಾದರೆ ಅದು ಸ್ವಚ್ಛತೆಯಲ್ಲ, ಅತಿಯಾಯಿತು ಎಂದರ್ಥ. ಚರ್ಮ ಹೀಗೆ ಕೆರಳಿದರೆ ಮೊಡವೆಯೂ ಕೆಂಪಾಗುತ್ತದೆ. ಫೆಬ್ರವರಿವರೆಗೆ ರಾತ್ರಿ ಮಾತ್ರ ಜೆಲ್, ಬೆಳಿಗ್ಗೆ ಬರೀ ನೀರು, ತಕ್ಷಣ ಸುಗಂಧವಿಲ್ಲದ ತೆಳು ಮಾಯಿಶ್ಚರೈಸರ್. ಪೊರೆ ನಿಂತಿತು. ಟ್ಯೂಬೂ ಇನ್ನಷ್ಟು ದಿನ ಬಂತು, ಆದರೆ ಆ ಕಾರಣಕ್ಕೆ ಮಾರ್ಕ್ಸ್ ಕೊಡಲಾರೆ. ಐದಕ್ಕೆ ಮೂರೂವರೆ ನನ್ನ ಲೆಕ್ಕ, ಅರ್ಧ ಹೋಗಿದ್ದು ಬಾಯಿಗೆ, ಒಂದು ಹೋಗಿದ್ದು ಚಳಿಗಾಲಕ್ಕೆ.

ದವಡೆಯ ಮೇಲೆ ಆಳದಲ್ಲಿ ಎದ್ದು, ಮುಟ್ಟಿದರೆ ನೋಯುವ ಗಂಟುಗಳನ್ನು ಈ ಜೆಲ್ ಅಲುಗಾಡಿಸಲಿಲ್ಲ. ಯಾವ ಫೇಸ್‌ವಾಶೂ ಅಷ್ಟು ಒಳಗೆ ಹೋಗುವುದಿಲ್ಲ. ಒಂದು ಅಂಗಡಿಯಲ್ಲಿ ಇದಕ್ಕೆ 'ಮೂರೇ ದಿನಕ್ಕೆ ಬೆಳ್ಳಗಾಗುತ್ತೆ' ಎಂದು ಚಿಕ್ಕದೊಂದು ಕ್ರೀಮ್ ಕೊಡಲು ಬಂದರು. ತಿರುಗಿಸಿ ಓದಿದರೆ ಒಳಗೆ ಸ್ಟೀರಾಯ್ಡ್. ಮೊದಲು ಮುಖ ತಿಳಿಯಾದಂತೆ ಕಾಣುತ್ತದೆ, ನಿಲ್ಲಿಸಿದ ಮೇಲೆ ಕೆಂಪು, ಉರಿ, ಮೊದಲಿಗಿಂತ ಹೆಚ್ಚು ಮೊಡವೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಸರಕು ಅದು. ವಾಪಸ್ ಇಟ್ಟು ಬಂದೆ.

ಅಮ್ಮ ಊರಿನಿಂದ ಬಂದಾಗ ಇಬ್ಬರೂ ಹಿಮ್ಸ್ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆವು. ಡಾಕ್ಟರ್ ಮೇಡಂ ದವಡೆ ನೋಡಿದ ಕೂಡಲೇ ಮುಟ್ಟು ಸರಿಯಾಗಿ ಆಗುತ್ತಿದೆಯಾ ಎಂದು ಕೇಳಿದರು. ಅಲ್ಲಿ ಬರುವ ಗಂಟಿಗೂ ಹಾರ್ಮೋನಿಗೂ ಸಂಬಂಧ ಇರಬಹುದಂತೆ. ರಾತ್ರಿ ಹಚ್ಚಲು ಅಡಾಪಲೀನ್ ಜೆಲ್ ಬರೆದುಕೊಟ್ಟರು, ಮೊಡವೆ ಮೇಲೆ ಮಾತ್ರವಲ್ಲ, ಒಣಗಿದ ಮುಖಕ್ಕೆಲ್ಲ ತೆಳ್ಳಗೆ. ನನ್ನ ಟ್ಯೂಬು ತೋರಿಸಿದೆ. 'ಒಳ್ಳೇದೇ ತಗೊಂಡಿದೀಯಮ್ಮ, ಆದ್ರೆ ಈಗ ಎರಡೂ ಒಟ್ಟಿಗೆ ಬೇಡ, ಉರಿಯುತ್ತೆ. ಸಾದಾ ಕ್ಲೆನ್ಸರ್ ಸಾಕು' ಅಂದರು.

ಹೀಗಾಗಿ ಮುಖಕ್ಕೆ ಈಗ ಆಸಿಡ್ ಇಲ್ಲದ, ಸುಗಂಧವಿಲ್ಲದ ಸಾದಾ ಕ್ಲೆನ್ಸರ್. ಉಳಿದ ಅರ್ಧ ಟ್ಯೂಬು ಬೆನ್ನಿಗೆ ಹೋಗುತ್ತಿದೆ, ಬ್ಯಾಗಿನ ಪಟ್ಟಿ ಉಜ್ಜುವ ಜಾಗದಲ್ಲಿ ನನಗೆ ಗುಳ್ಳೆ ಏಳುತ್ತದೆ. ಸ್ನಾನದ ಮಧ್ಯೆ ಹಚ್ಚಿ, ಕಾಲು ತೊಳೆಯುವಷ್ಟು ಹೊತ್ತು ಬಿಟ್ಟು ನೀರು ಹಾಕುತ್ತೇನೆ. ಅಲ್ಲಿಗೆ ಒಂದೂವರೆ ಎಂ.ಎಲ್. ಬೇಕೇ ಬೇಕು, ಸಿರಿಂಜಿನ ಕೆಲಸವಿಲ್ಲ.