112 ಜನರ ತಂಡ, 20 ಕೋಟಿಯ ಬಜೆಟ್: ನನ್ನ ರೆಸ್ಯೂಮೆಯೇ ನನ್ನನ್ನು ಕೆಡವಿದ ಕಥೆ

ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿ ಸಮೀಪದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥನ ಹುದ್ದೆಗೆ ನನಗೆ ಸಂದರ್ಶನವಿತ್ತು. ಅದು ಹದಿನೈದೇ ನಿಮಿಷಕ್ಕೆ ಮುಗಿಯಿತು. ಕೆಲಸ ಗೊತ್ತಿಲ್ಲ ಎಂದಲ್ಲ; ನನ್ನದೇ ರೆಸ್ಯೂಮೆಯ ಮೊದಲ ಎರಡು ಸಾಲುಗಳನ್ನು ವಿವರಿಸಲು ನನ್ನಿಂದ ಆಗಲಿಲ್ಲ. ಹಿರಿಯ ಹುದ್ದೆಗೆ ಅರ್ಜಿ ಹಾಕುವವರು, ಅದರಲ್ಲೂ ದುಡ್ಡು ಕೊಟ್ಟು ರೆಸ್ಯೂಮೆ ಬರೆಸುವವರು, ಮುಂದಿನದನ್ನು ಓದಿ.

ನನ್ನ ಊರು ಕಾರವಾರ. ಡಿಪ್ಲೊಮಾ ಮುಗಿಸಿ 1999ರಲ್ಲಿ ಬೆಳಗಾವಿಯಲ್ಲಿ ಟ್ರೈನಿಯಾಗಿ ಸೇರಿದೆ. 2011ರಿಂದ ಗೋವಾದ ಒಂದು ಕಾರ್ಖಾನೆಯಲ್ಲಿದ್ದೇನೆ. ಹಳೆಯ ರೆಸ್ಯೂಮೆ ಐದು ಪುಟ ಇತ್ತು. ಟ್ರೈನಿಯಾಗಿದ್ದಾಗ ಪಂಪು ಬಿಚ್ಚಿದ್ದಕ್ಕೂ ಇಂದು ಇಡೀ ನಿರ್ವಹಣಾ ವಿಭಾಗ ನಡೆಸುವುದಕ್ಕೂ ಅದರಲ್ಲಿ ಅಷ್ಟಷ್ಟೇ ಜಾಗ. ಅದನ್ನು ಎರಡು ಪುಟಕ್ಕೆ ಇಳಿಸಿಕೊಡುತ್ತೇನೆಂದ ಒಬ್ಬ ಬರಹಗಾರನಿಗೆ ಆರು ಸಾವಿರ ಕೊಟ್ಟೆ. ನನ್ನಿಂದ ಅಂಕಿಗಳನ್ನು ತರಿಸಿಕೊಂಡು ಅವನು ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದ: 112 ಜನರ ತಂಡದ ನಾಯಕತ್ವ, 20 ಕೋಟಿ ರೂಪಾಯಿ ಬಜೆಟ್ ನಿರ್ವಹಣೆ. ಓದಿ ನನಗೇ ಹೆಮ್ಮೆಯಾಯಿತು. ತಪ್ಪು ಅಲ್ಲೇ ಆಯಿತು.

ಸಂದರ್ಶನಕ್ಕೆ ಕುಳಿತವರಲ್ಲಿ ಒಬ್ಬರು ಪೆನ್ನು ತೆಗೆದು ಆ ಸಾಲಿನ ಕೆಳಗೆ ಗೆರೆ ಎಳೆದರು. “ಈ 112ರಲ್ಲಿ ಎಷ್ಟು ಜನರ ವಾರ್ಷಿಕ ಮೌಲ್ಯಮಾಪನಕ್ಕೆ ನೀವು ಸಹಿ ಹಾಕುತ್ತೀರಿ?” ನಿಜ ಹೇಳಬೇಕಾಯಿತು. ನನಗೆ ನೇರವಾಗಿ ವರದಿ ಮಾಡುವವರು ನಾಲ್ವರು. ಅವರ ಕೈಕೆಳಗೆ 34 ಕಾಯಂ ನೌಕರರು. ಉಳಿದ 74 ಮಂದಿ ಗುತ್ತಿಗೆದಾರನ ಕೆಲಸಗಾರರು. ಅವರ ಹಾಜರಿ, ಸಂಬಳ, ರಜೆ ಯಾವುದೂ ನನ್ನ ಕೈಯಲ್ಲಿಲ್ಲ.

ಮುಂದಿನ ಪ್ರಶ್ನೆ ಬಜೆಟ್ಟಿನದು. “20 ಕೋಟಿ ವರ್ಷಕ್ಕೋ?” ಅಲ್ಲ. ನಿರ್ವಹಣೆಗೆ ವರ್ಷಕ್ಕೆ ಆರು ಕೋಟಿ. ಹೊಸ ಬಾಯ್ಲರ್ ಮನೆಯ ಕಾಮಗಾರಿಗೆ ಮೂರು ವರ್ಷಗಳಲ್ಲಿ ಒಟ್ಟು 14 ಕೋಟಿ. ಪ್ರತಿ ವರ್ಷ ಬರುವ ಖರ್ಚನ್ನೂ ಒಮ್ಮೆ ಮಾತ್ರ ಮಾಡುವ ಬಂಡವಾಳ ವೆಚ್ಚವನ್ನೂ ಬರಹಗಾರ ಕೂಡಿಸಿಬಿಟ್ಟಿದ್ದ, ನಾನು ಒಪ್ಪಿದ್ದೆ. “ನಿಮ್ಮ ಸಹಿಗೆ ಎಷ್ಟರವರೆಗೆ ಹಣ ಬಿಡುಗಡೆಯಾಗುತ್ತದೆ?” ಎಂದು ಕೇಳಿದರು. ಐದು ಲಕ್ಷ ಎಂದೆ. ಆ ಬಳಿಕ ಅವರ ಮುಖದಲ್ಲಿ ಕುತೂಹಲ ಉಳಿಯಲಿಲ್ಲ. ಐದು ಲಕ್ಷದ ಮಿತಿ ನಾಚಿಕೆಯ ವಿಷಯವೇನಲ್ಲ. 20 ಕೋಟಿಯ ಪಕ್ಕದಲ್ಲಿ ಅದು ಸುಳ್ಳು ಬಯಲಾದಂತೆ ಕೇಳಿಸಿತು, ಅಷ್ಟೇ.

ಹಳೆಯ ಕೆಲಸಗಳನ್ನು ಕತ್ತರಿಸಿದ ರೀತಿಯೂ ತಿರುಗಿ ಬಡಿಯಿತು. “ಹಿರಿಯರ ರೆಸ್ಯೂಮೆಯಲ್ಲಿ ಹಳೆಯದು ಬೇಡ” ಎಂದು ಬರಹಗಾರ 2011ಕ್ಕೆ ಮುಂಚಿನದನ್ನೆಲ್ಲ ಅಳಿಸಿದ್ದ. ಆದರೆ ಮೇಲೆ “26 ವರ್ಷಗಳ ಅನುಭವ” ಎಂಬ ಸಾಲು ಹಾಗೇ ಇತ್ತು. ಕಂಪನಿಯ ಅರ್ಜಿ ನಮೂನೆಯಲ್ಲಿ ಎಲ್ಲ ಕೆಲಸಗಳ ದಿನಾಂಕ ಕೇಳಿದ್ದರಿಂದ ನಾನೇ ಬೆಳಗಾವಿಯ ಎರಡು ಕಂಪನಿಗಳನ್ನು ತುಂಬಿದ್ದೆ. ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟರೆ ನಾನೇ ಏನೋ ಮುಚ್ಚಿಟ್ಟಂತೆ ಕಾಣುತ್ತಿತ್ತು. ಇನ್ನೂ ಹೊಟ್ಟೆ ಉರಿದ ಸಂಗತಿಯೆಂದರೆ, ಆ ಹುದ್ದೆಗೆ ಬಾಯ್ಲರ್ ಅನುಭವವೇ ಮುಖ್ಯವಾಗಿತ್ತು. ನನ್ನ ಬಾಯ್ಲರ್ ಪ್ರಮಾಣಪತ್ರ ಬೆಳಗಾವಿಯ ಕೆಲಸದ ಕೆಳಗೆ ಬರೆದದ್ದು. ಕೆಲಸದ ಜೊತೆಗೆ ಅದೂ ಹೋಗಿತ್ತು.

ಹಿಂದಿರುಗುವ ಬಸ್ಸು ಅರಬೈಲ್ ಘಾಟಿ ಇಳಿಯುವವರೆಗೂ ಆ ಬರಹಗಾರನನ್ನು ಬೈದುಕೊಂಡೆ. ವಾರದ ನಂತರ ಸಿರ್ಸಿಗೆ ಹೋಗಿದ್ದಾಗ, ನೇಮಕಾತಿ ವಿಭಾಗದಲ್ಲಿ ಇದ್ದು ನಿವೃತ್ತರಾದ ನಮ್ಮ ಭಾವನ ಮುಂದೆ ಆ ಎರಡು ಪುಟ ಹಿಡಿದೆ. “ಭಾವ, ಇದು ಕೂಡಿಸುವ ಲೆಕ್ಕವಲ್ಲ, ಬಿಡಿಸುವ ಲೆಕ್ಕ” ಎಂದರು. ಅಡಿಕೆ ಚಪ್ಪರದ ಕೆಳಗೆ ಕುಳಿತು ಅವರು ಹೇಳಿ ನಾನು ಬರೆದದ್ದು ಹೀಗಿತ್ತು:

“ನೇರ ವರದಿ 4 ಮ್ಯಾನೇಜರ್‌ಗಳು, ಒಟ್ಟು 38 ಕಾಯಂ ಸಿಬ್ಬಂದಿ, ಗುತ್ತಿಗೆದಾರರ ಮೂಲಕ ಇನ್ನೂ 74 ಮಂದಿಯ ಕೆಲಸದ ಮೇಲ್ವಿಚಾರಣೆ. ವಾರ್ಷಿಕ ನಿರ್ವಹಣಾ ಬಜೆಟ್ 6 ಕೋಟಿ. ಬಾಯ್ಲರ್ ಮನೆ ಕಾಮಗಾರಿ, 3 ವರ್ಷ, 14 ಕೋಟಿ: ಅನುಷ್ಠಾನದ ಹೊಣೆ ನನ್ನದು, ಮಂಜೂರಾತಿ ಆಡಳಿತ ಮಂಡಳಿಯದು.”

ಐದು ಲಕ್ಷದ ಮಿತಿಯನ್ನು ಕಾಗದದ ಮೇಲೆ ಹಾಕಬೇಕಿಲ್ಲ, ಆದರೆ ಕೇಳಿದರೆ ತಡವರಿಸದೆ ಹೇಳಬೇಕು ಎಂದರು. ಕೊನೆಗೆ “ಆರಂಭಿಕ ವೃತ್ತಿ, 1999–2011” ಎಂಬ ತಲೆಬರಹದಡಿ ಎರಡೇ ಸಾಲು: ಕಂಪನಿ, ಹುದ್ದೆ, ವರ್ಷ. ಏನು ಮಾಡಿದೆ ಎಂಬ ವಿವರಣೆ ಒಂದಕ್ಷರವೂ ಇಲ್ಲ. ಪ್ರಮಾಣಪತ್ರಗಳಿಗೆ ಬೇರೆಯೇ ಜಾಗ, ಯಾವ ಕೆಲಸದ ಬಾಲಕ್ಕೂ ಕಟ್ಟದೆ.

ಹೊಸ ಪ್ರತಿಯನ್ನು ಬರಹಗಾರನಿಗೆ ಕಳುಹಿಸಿ, ಅರ್ಧ ಹಣವಾದರೂ ಹಿಂದಿರುಗಿಸು ಎಂದು ಕೇಳಿದೆ. “ಸರ್, 38 ತುಂಬಾ ಚಿಕ್ಕದಾಗಿ ಕಾಣುತ್ತದೆ, 112 ಎಂದೇ ಇಡಿ” ಎಂಬ ಉತ್ತರ ಬಂತು. ಹಣ ಬರಲಿಲ್ಲ.